ರೈಲು ದಾರಿ ಬದಲಿಸಿದರೆ, ಅರ್ಧಕ್ಕೇ ನಿಂತರೆ, ಗಂಟೆಗಟ್ಟಲೆ ತಡವಾದರೆ: ಟಿಕೆಟ್ ದುಡ್ಡು ವಾಪಸ್ ಪಡೆಯುವ ಸಮಗ್ರ ಮಾರ್ಗದರ್ಶಿ

ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಯವರು ಬೆಂಗಳೂರಿಗೆ ಹೋಗಬೇಕಾದರೆ ಹೆಚ್ಚಾಗಿ ರಾತ್ರಿ ರೈಲನ್ನೇ ನಂಬಿರುತ್ತಾರೆ. ರಾಯಚೂರಿನವರಿಗೆ ಮುಂಬೈ ಕಡೆಯಿಂದ ಬರುವ ರೈಲುಗಳು ಆಧಾರ. ಎರಡೂ ಕಡೆ ಒಂದು ಸಮಸ್ಯೆ ಇದೆ. ಗುಂತಕಲ್ ಸುತ್ತಮುತ್ತ ಹಳಿ ಕೆಲಸ ಶುರುವಾದರೆ, ಮಳೆಗೆ ಹಳಿ ಕೆಳಗಿನ ಮಣ್ಣು ಕೊಚ್ಚಿಹೋದರೆ, ಗೂಡ್ಸ್ ಗಾಡಿ ಹಳಿ ತಪ್ಪಿದರೆ, ಈ ನಾಲ್ಕೂ ಊರಿನ ರೈಲುಗಳ ಲೆಕ್ಕ ಒಟ್ಟಿಗೇ ತಪ್ಪುತ್ತದೆ. ಆಗ ಮೊಬೈಲಿಗೆ ಒಂದು ಎಸ್ಸೆಮ್ಮೆಸ್ ಬರುತ್ತದೆ: ನಿಮ್ಮ ರೈಲು ನಾಲ್ಕು ಗಂಟೆ ತಡವಾಗಿ ಹೊರಡಲಿದೆ, ಅಥವಾ ಬೇರೆ ಮಾರ್ಗದಲ್ಲಿ ಹೋಗಲಿದೆ.

ಆ ಎಸ್ಸೆಮ್ಮೆಸ್ ಓದಿದ ಮೇಲೆ ಜನ ಏನು ಮಾಡಬೇಕು ಅನ್ನುವುದೇ ಈ ಬರಹದ ವಿಷಯ. ಇ-ಟಿಕೆಟ್ ಇದ್ದವರನ್ನು ಮುಖ್ಯವಾಗಿ ಇಟ್ಟುಕೊಂಡು ಹೇಳುತ್ತೇನೆ. ಕೌಂಟರ್ ಟಿಕೆಟ್ ಬಗ್ಗೆ ಕೊನೆಯ ಕಡೆ ಬರುತ್ತದೆ.

ಮೊದಲನೇ ಮಾತು: Cancel Ticket ಒತ್ತಬೇಡಿ

ಗಾಬರಿಯಲ್ಲಿ ಎಲ್ಲರ ಕೈಯೂ ಹೋಗುವುದು ಅಲ್ಲಿಗೇ. ಆದರೆ ಆ ಬಟನ್ ಒತ್ತಿದರೆ ಅದು ನೀವಾಗಿಯೇ ಪ್ರಯಾಣ ಬಿಟ್ಟಂತೆ. ರೈಲು ಹೊರಡುವ ಹೊತ್ತು ಹತ್ತಿರವಾದಷ್ಟು ಕಡಿತ ಜಾಸ್ತಿ. ತತ್ಕಾಲ್‌ನಲ್ಲಿ ಕನ್ಫರ್ಮ್ ಆದ ಟಿಕೆಟ್ ಆಗಿದ್ದರೆ ಒಂದು ಪೈಸೆಯೂ ಬರುವುದಿಲ್ಲ. ಒಮ್ಮೆ ಹಾಗೆ ರದ್ದಾದ ಟಿಕೆಟ್ಟಿಗೆ, ‘ತಪ್ಪು ರೈಲಿನದು, ನನ್ನದಲ್ಲ’ ಅಂತ ಆಮೇಲೆ ವಾದ ಮಾಡುವುದು ತುಂಬಾ ಕಷ್ಟ.

ರೈಲ್ವೆಯ ಕಾರಣದಿಂದ ಪ್ರಯಾಣ ಕೆಟ್ಟರೆ ಹಿಡಿಯಬೇಕಾದ ದಾರಿ ಬೇರೆ. ಅದರ ಹೆಸರು ಟಿಡಿಆರ್, ಅಂದರೆ ಟಿಕೆಟ್ ಡೆಪಾಸಿಟ್ ರಿಸೀಟ್. ನಾನು ಈ ಟಿಕೆಟ್ ಬಳಸಿಲ್ಲ, ಇಂಥ ಕಾರಣಕ್ಕೆ ಬಳಸಿಲ್ಲ, ದುಡ್ಡು ಕೊಡಿ ಅಂತ ರೈಲ್ವೆಗೆ ಹಾಕುವ ಅರ್ಜಿ ಅದು. ಕಾರಣ ಸರಿ ಇದ್ದರೆ ಕ್ಯಾನ್ಸಲೇಶನ್ ಕಡಿತ ಇಲ್ಲದೆ ಪೂರ್ತಿ ದರ ಬರುತ್ತದೆ. ತತ್ಕಾಲ್ ಟಿಕೆಟ್ಟಿಗೂ ಬರುತ್ತದೆ. ಆನ್‌ಲೈನ್ ಬುಕಿಂಗ್ ಮಾಡಿದ್ದಕ್ಕೆ ಕಟ್ಟಿದ ಕನ್ವೀನಿಯನ್ಸ್ ಶುಲ್ಕ ಮಾತ್ರ ಸಾಮಾನ್ಯವಾಗಿ ವಾಪಸ್ ಬರಲ್ಲ.

ಈಗ ಜಾರಿಯಲ್ಲಿರುವ ರೀಫಂಡ್ ನಿಯಮಗಳ ಮೂಲ 2015ರದ್ದು. ಆ ವರ್ಷದ ನವೆಂಬರ್ 12ರಿಂದ ಅವು ಜಾರಿಗೆ ಬಂದವು. ಮಾಮೂಲಿ ರದ್ದತಿಯ ಗಂಟೆ, ಶೇಕಡಾವಾರು ಕಡಿತಗಳು ಆಗಾಗ ಬದಲಾಗುತ್ತವೆ, ಅವನ್ನು ಟಿಕೆಟ್ ಮಾಡಿದ ದಿನವೇ ನೋಡಿಕೊಳ್ಳಬೇಕು. ನಾವು ಇಲ್ಲಿ ನೋಡುವುದು ಆ ಕಡಿತಗಳು ಅನ್ವಯಿಸದ ಸಂದರ್ಭಗಳನ್ನು.

ನಿಮ್ಮ ರೈಲಿಗೆ ನಿಜವಾಗಿ ಏನಾಗಿದೆ?

ಎಸ್ಸೆಮ್ಮೆಸ್ ಒಂದನ್ನೇ ನಂಬಿ ಕೂರಬೇಡಿ. NTES ಅನ್ನುವ ರೈಲ್ವೆಯದ್ದೇ ಆ್ಯಪ್ ತೆರೆಯಿರಿ. ಆ್ಯಪ್ ಬೇಡ ಅಂದರೆ enquiry.indianrail.gov.in ತಾಣ ಇದೆ, 139ಕ್ಕೆ ಫೋನ್ ಮಾಡಿಯೂ ಕೇಳಬಹುದು. ರದ್ದಾದ, ಸಮಯ ಬದಲಾದ, ದಾರಿ ಬದಲಾದ ರೈಲುಗಳಿಗೆ ಅಲ್ಲಿ ಬೇರೆ ಬೇರೆ ಪಟ್ಟಿ ಇರುತ್ತದೆ: Cancelled, Rescheduled, Diverted. ರೈಲು ನಂಬರ್ ಜೊತೆ ಅದು ಹೊರಟ ತಾರೀಖನ್ನೂ ನೋಡಿ. ರಾತ್ರಿ ಹನ್ನೆರಡರ ನಂತರ ನಿಮ್ಮ ಊರಿಗೆ ಬರುವ ರೈಲು ಹಿಂದಿನ ದಿನವೇ ಹೊರಟಿರುತ್ತದೆ. ಈ ತಾರೀಖು ಅದಲು ಬದಲು ಮಾಡಿಕೊಂಡು ಬೇರೆ ದಿನದ ರೈಲಿನ ಸ್ಥಿತಿ ನೋಡುವವರು ಬಹಳ ಜನ.

ಪೂರ್ತಿ ರದ್ದಾದ ರೈಲಿನದು ಸುಲಭ. ಇ-ಟಿಕೆಟ್ ಇದ್ದರೆ ನೀವು ಏನೂ ಮಾಡಬೇಕಾಗಿಲ್ಲ, ದುಡ್ಡು ತಾನಾಗೇ ಬಂದ ಖಾತೆಗೇ ಹೋಗುತ್ತದೆ. ಆದರೆ ರೈಲು ಒಂದು ಭಾಗದಲ್ಲಿ ಮಾತ್ರ ರದ್ದಾಗಿದ್ದರೆ ತಾನಾಗೇ ಬರುತ್ತದೆ ಅಂತ ಸುಮ್ನೆ ಕೂರಬೇಡಿ. ಅದನ್ನು ಕೆಳಗಿನ ಮೂರರಲ್ಲಿ ಒಂದು ಅಂತ ತಿಳಿದು ಟಿಡಿಆರ್ ಹಾಕಿ.

ಆ ಮೂರು ಯಾವುವು ಅಂದರೆ ರೈಲು ತಡವಾಗುವುದು, ದಾರಿ ಬದಲಿಸುವುದು, ಅರ್ಧಕ್ಕೇ ನಿಲ್ಲುವುದು. ಮೂರಕ್ಕೂ ಗಡುವು ಒಂದೇ ಅಲ್ಲ. ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ತಡವಾದ ರೈಲು: ಗಡುವು ರೈಲು ಹೊರಡುವ ತನಕ ಮಾತ್ರ

ನಿಯಮ ಚಿಕ್ಕದು. ನೀವು ಹತ್ತುವ ಸ್ಟೇಷನ್ನಿನಿಂದ ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ ಹೊರಟರೆ, ನೀವು ಅದರಲ್ಲಿ ಹೋಗದಿದ್ದರೆ, ಪೂರ್ತಿ ದುಡ್ಡು. ಕನ್ಫರ್ಮ್ ಆಗಲಿ, ಆರ್‌ಎಸಿ ಆಗಲಿ. ಆದರೆ ಟಿಡಿಆರ್ ಅನ್ನು ಆ ರೈಲು ನಿಮ್ಮ ಸ್ಟೇಷನ್ನಿನಿಂದ ನಿಜವಾಗಿ ಹೊರಡುವ ಮೊದಲೇ ಹಾಕಿರಬೇಕು. ನಾಳೆ ಬೆಳಗ್ಗೆ ನೋಡೋಣ ಅಂತ ಮಲಗಿದರೆ ಮುಗಿಯಿತು. ಎಂಟು ಗಂಟೆ ತಡವಾದ ರೈಲಿಗೂ ಇದೇ ನಿಯಮ.

ಇದರಲ್ಲಿ ಮೂರು ಮಾತು ಅಡಗಿದೆ. ಒಂದೊಂದಾಗಿ ನೋಡೋಣ.

ತಡ ಲೆಕ್ಕವಾಗುವುದು ನೀವು ಹತ್ತುವ ಸ್ಟೇಷನ್ನಿನಲ್ಲಿ. ರೈಲು ಶುರುವಾಗುವ ಊರಿನಲ್ಲಿ ಅಲ್ಲ. ಎಸ್ಸೆಮ್ಮೆಸ್‌ನಲ್ಲಿ ಬರುವ ರೀಶೆಡ್ಯೂಲ್ ಸಮಯ ಸಾಮಾನ್ಯವಾಗಿ ಶುರುವಾಗುವ ಊರಿನದು. ಮೈಸೂರಿನಿಂದ ಹುಬ್ಬಳ್ಳಿ ಕಡೆ ಬರುವ ರೈಲು ಮೂರೂವರೆ ಗಂಟೆ ತಡವಾಗಿ ಹೊರಟಿತು ಅನ್ಕೊಳ್ಳಿ. ರಾತ್ರಿಯಿಡೀ ಓಡಿ ಬಳ್ಳಾರಿಗೆ ಬರುವಷ್ಟರಲ್ಲಿ ಅದು ನಲವತ್ತು ನಿಮಿಷ ಹಿಂದೆ ಪಡೆದುಕೊಂಡಿರಬಹುದು. ವೇಳಾಪಟ್ಟಿಯಲ್ಲೇ ಅಲ್ಲಲ್ಲಿ ಸ್ವಲ್ಪ ಸಡಿಲ ಸಮಯ ಇಟ್ಟಿರುತ್ತಾರೆ. ಬಳ್ಳಾರಿಯಲ್ಲಿ ಅದು 2 ಗಂಟೆ 50 ನಿಮಿಷ ತಡ ಅಂತಾದರೆ ನಿಮ್ಮ ಟಿಡಿಆರ್ ಬೀಳುತ್ತದೆ. ನೀವು ಪ್ರಯಾಣವನ್ನೂ ಮಾಡಿಲ್ಲ, ದುಡ್ಡೂ ಬರಲ್ಲ. ಸರಿಯಾಗಿ ಮೂರು ಗಂಟೆ ತಡವಾದರೂ ಸಾಲದು, ಮೂರನ್ನು ದಾಟಿರಬೇಕು.

ಅದಕ್ಕೇ ನಾನು ಹೇಳುವುದು, ಹಿಂದಿನ ದೊಡ್ಡ ಸ್ಟೇಷನ್ ನೋಡಿ. ಬಳ್ಳಾರಿಯವರು ಬೆಂಗಳೂರು ಕಡೆಯಿಂದ ಬರುವ ರೈಲಿಗೆ ಗುಂತಕಲ್ ನೋಡಬೇಕು. ಗುಂತಕಲ್‌ನಿಂದ ಬಳ್ಳಾರಿಗೆ ಸುಮಾರು 50 ಕಿಲೋಮೀಟರ್. ಅಲ್ಲಿಂದ ರೈಲು 3 ಗಂಟೆ 25 ನಿಮಿಷ ತಡವಾಗಿ ಹೊರಟಿದೆ ಅಂತ NTES ತೋರಿಸಿದರೆ, ಅಷ್ಟು ಸಣ್ಣ ದೂರದಲ್ಲಿ 25 ನಿಮಿಷ ಹಿಂದೆ ಪಡೆಯುವುದು ಕಷ್ಟ. ಆಗ ಟಿಡಿಆರ್ ಹಾಕಿದರೆ ಧೈರ್ಯವಾಗಿ ಹಾಕಿದಂತೆ. ರೈಲು ಬಳ್ಳಾರಿ ಬಿಡುವ ತನಕ ಇನ್ನೂ ಹೊತ್ತೂ ಇರುತ್ತದೆ. ಕೊಪ್ಪಳದವರಿಗೆ ಹುಬ್ಬಳ್ಳಿ ಕಡೆಯಿಂದ ಬರುವ ರೈಲಿಗೆ ಗದಗ, ಬಳ್ಳಾರಿ ಕಡೆಯಿಂದ ಬರುವುದಕ್ಕೆ ಹೊಸಪೇಟೆ. ರಾಯಚೂರಿನವರಿಗೆ ಮುಂಬೈ ಕಡೆಯಿಂದ ಯಾದಗಿರಿ, ಗುಂತಕಲ್ ಕಡೆಯಿಂದ ಮಂತ್ರಾಲಯಂ ರೋಡ್. ತಡ ಐದಾರು ಗಂಟೆ ಇದ್ದರೆ ಇಷ್ಟು ಕಾಯಬೇಕಿಲ್ಲ. ಮೂರರ ಆಸುಪಾಸಿನಲ್ಲಿ ಇದ್ದಾಗ ಮಾತ್ರ ಈ ಲೆಕ್ಕ.

ಎರಡನೇ ಮಾತು, ತಡವಾದ ರೈಲಿನಲ್ಲೇ ಹೋದರೆ ದುಡ್ಡಿಲ್ಲ. ಹತ್ತು ಗಂಟೆ ತಡವಾದರೂ ಅಷ್ಟೇ. ಟಿಡಿಆರ್ ಹಾಕಿ ಆಮೇಲೆ ಮನಸ್ಸು ಬದಲಿಸಿ ಹತ್ತಬೇಡಿ. ಟಿಟಿಇ ಕೈಯಲ್ಲಿರುವ ಯಂತ್ರದಲ್ಲಿ ನಿಮ್ಮ ಹೆಸರಿನ ಮುಂದೆ ಬಂದಿದ್ದಾರೆ ಅಂತ ಗುರುತು ಬಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು ತತ್ಕಾಲ್ ಟಿಕೆಟ್‌ನವರಿಗೆ ಮಾತ್ರ. ತತ್ಕಾಲ್‌ನಲ್ಲಿ ತಡವನ್ನು ಲೆಕ್ಕ ಹಾಕುವುದು ಟಿಕೆಟ್ ಶುರುವಾಗುವ ಸ್ಟೇಷನ್ನಿನಿಂದ. ನೀವು ಹುಬ್ಬಳ್ಳಿಯಿಂದ ಟಿಕೆಟ್ ಮಾಡಿ ಬೋರ್ಡಿಂಗ್ ಮಾತ್ರ ಕೊಪ್ಪಳ ಅಂತ ಹಾಕಿದ್ದರೆ, ಹುಬ್ಬಳ್ಳಿಯಲ್ಲಿ ರೈಲು ಎಷ್ಟು ತಡ ಅನ್ನುವುದೇ ಮುಖ್ಯ. ಕೊಪ್ಪಳ ಕೋಟಾದಲ್ಲಿ ಸೀಟಿಲ್ಲ ಅಂತ ಹಿಂದಿನ ಊರಿನಿಂದ ಟಿಕೆಟ್ ಮಾಡುವ ರೂಢಿ ನಮ್ಮ ಕಡೆ ಇದೆ ಅಲ್ವಾ? ಅಂಥವರು ಇದನ್ನು ನೆನಪಿಡಬೇಕು.

ಒಂದು ಉದಾಹರಣೆ ತಗೊಳ್ಳೋಣ. ಕೊಪ್ಪಳದ ಮೂವರ ಕುಟುಂಬ. ಒಂದೇ ಪಿಎನ್‌ಆರ್‌, ಸ್ಲೀಪರ್, ಬೆಂಗಳೂರಿಗೆ. ಕೊಪ್ಪಳದಲ್ಲಿ ರೈಲಿನ ಸಮಯ ರಾತ್ರಿ 8:30 ಅಂತಿಟ್ಟುಕೊಳ್ಳಿ. ಸಂಜೆ ನಾಲ್ಕಕ್ಕೆ ಎಸ್ಸೆಮ್ಮೆಸ್ ಬಂತು: ಹುಬ್ಬಳ್ಳಿಯಿಂದ ನಾಲ್ಕು ಗಂಟೆ ತಡ. ಮರುದಿನ ಬೆಳಗ್ಗೆ ಹತ್ತಕ್ಕೆ ಮಗಳಿಗೆ ಪರೀಕ್ಷೆ, ಈ ರೈಲು ಆಗಲ್ಲ. ಅವರು ಮೊದಲು ಬಸ್ ಟಿಕೆಟ್ ಮಾಡಿದರು. ಸರಿಯೇ, ಆದರೆ ರೈಲಿನ ಟಿಕೆಟ್ಟನ್ನು ಮುಟ್ಟಲಿಲ್ಲ. ರಾತ್ರಿ ಬಸ್ಸಿನಲ್ಲಿ ಕೂತು NTES ನೋಡುತ್ತಿದ್ದರು. ರೈಲು ಗದಗವನ್ನು 3 ಗಂಟೆ 50 ನಿಮಿಷ ತಡವಾಗಿ ಬಿಟ್ಟಿತು. ಆ ಪುಟದ ಸ್ಕ್ರೀನ್‌ಶಾಟ್ ತಗೊಂಡರು, ಕೂಡಲೇ ಟಿಡಿಆರ್ ಹಾಕಿದರು. ರೈಲು ಕೊಪ್ಪಳ ಬಿಡಲು ಇನ್ನೂ ಸುಮಾರು ಮುಕ್ಕಾಲು ಗಂಟೆ ಇತ್ತು. ಮೂವರಲ್ಲಿ ಇಬ್ಬರು ಮಾತ್ರ ಬಿಟ್ಟು ಒಬ್ಬರು ಆ ರೈಲಿನಲ್ಲೇ ಹೋಗುವುದಾದರೆ, ಹೋಗದ ಇಬ್ಬರ ಹೆಸರಿಗಷ್ಟೇ ಗುರುತು ಹಾಕಬೇಕಿತ್ತು.

 

ದಾರಿ ಬದಲಾದ ರೈಲು: ಮೂರು ದಿನದ ಸಮಯ

ಗುಂತಕಲ್ ಕಡೆ ಹಳಿ ಬಂದ್ ಆದಾಗ ಹುಬ್ಬಳ್ಳಿ–ಬೆಂಗಳೂರು ರೈಲನ್ನು ದಾವಣಗೆರೆ, ಅರಸೀಕೆರೆ, ತುಮಕೂರು ಮೇಲೆ ತಿರುಗಿಸಬಹುದು. ಆಗ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂರೂ ತಪ್ಪಿಹೋಗುತ್ತವೆ. ರಾಯಚೂರು ಮಾರ್ಗ ಬಂದ್ ಆದರೆ ಮುಂಬೈ ಕಡೆಯ ರೈಲನ್ನು ಹೋಟಗಿ, ವಿಜಯಪುರ, ಗದಗ ಮೇಲೆ ಬಿಡಬಹುದು. ಆಗ ರಾಯಚೂರಿನವರು ಪ್ಲಾಟ್‌ಫಾರ್ಮ್‌ನಲ್ಲೇ ಉಳಿಯುತ್ತಾರೆ.

ಇಲ್ಲಿ ತಡದ ಲೆಕ್ಕವೇ ಇಲ್ಲ. ಟಿಡಿಆರ್‌ನಲ್ಲಿ ಇದಕ್ಕೆ ಮೂರು ಬೇರೆ ಕಾರಣಗಳಿವೆ. ಸರಿಯಾದದ್ದನ್ನು ಆರಿಸುವುದು ಮುಖ್ಯ.

ರೈಲು ನೀವು ಹತ್ತುವ ಊರಿಗೇ ಬರುವುದಿಲ್ಲ ಅನ್ನುವುದು ಒಂದು. ಪರದೆಯ ಮೇಲೆ ಈ ಸಾಲಿನಲ್ಲಿ Not Touching Boarding Station ಅನ್ನುವ ಪದಗಳಿರುತ್ತವೆ. ನೀವು ಇಳಿಯುವ ಊರಿಗೆ ಹೋಗುವುದಿಲ್ಲ ಅನ್ನುವುದು ಇನ್ನೊಂದು, ಅದರಲ್ಲಿ Not Touching Destination Station. ಎರಡೂ ಊರಿಗೆ ಹೋಗುತ್ತದೆ, ಆದರೆ ಸುತ್ತು ಹಾಕಿ ಹೋಗುತ್ತದೆ, ನನಗದು ಬೇಡ ಅನ್ನುವುದು ಮೂರನೆಯದು. ಅದೂ ನಿಮ್ಮ ಹಕ್ಕೇ. ಬೆಂಗಳೂರಿಗೆ ಬೆಳಗ್ಗೆ ಆರಕ್ಕೆ ಸೇರಬೇಕಾದ ರೈಲು ಸುತ್ತಿ ಬಂದು ಹತ್ತಕ್ಕೆ ಸೇರುವುದಾದರೆ ನೀವು ಬೇಡ ಅನ್ನಬಹುದು. ಈ ಮೂರಲ್ಲಿ ಯಾವುದಿದ್ದರೂ ನೀವು ರೈಲು ಹತ್ತಿರಬಾರದು.

ಗಡುವು 72 ಗಂಟೆ. ಹತ್ತುವ ಊರಿನ ಪ್ರಶ್ನೆಯಾದರೆ, ಅಲ್ಲಿಂದ ರೈಲು ಹೊರಡಬೇಕಿದ್ದ ಸಮಯದಿಂದ 72 ಗಂಟೆ. ಇಳಿಯುವ ಊರಿನ ಪ್ರಶ್ನೆಯಾದರೆ, ಅಲ್ಲಿಗೆ ಸೇರಬೇಕಿದ್ದ ಸಮಯದಿಂದ 72 ಗಂಟೆ. ಎರಡರಲ್ಲೂ ವೇಳಾಪಟ್ಟಿಯ ಸಮಯ ಮುಖ್ಯ, ರೈಲು ನಿಜವಾಗಿ ಓಡಿದ ಸಮಯವಲ್ಲ.

ಒಂದು ಎಚ್ಚರ. ಸುತ್ತು ಹಾಕಿದ ರೈಲು ಹೇಗೂ ತಡವೂ ಆಗಿರುತ್ತದೆ. ಆಗ ಜನ ‘ಮೂರು ಗಂಟೆ ತಡ’ ಅನ್ನುವ ಕಾರಣ ಆರಿಸಿಬಿಡುತ್ತಾರೆ. ಅದು ಕಣ್ಣಿಗೆ ಮೊದಲು ಬೀಳುತ್ತದೆ. ಆದರೆ ಆ ಕಾರಣಕ್ಕೆ ರೈಲು ಹೊರಡುವ ತನಕದ ಗಡುವು ಅಂಟಿಕೊಂಡಿದೆ. ನಿಮ್ಮ ಊರಿಗೆ ಬರದೇ ಇರುವ ರೈಲು ಅಲ್ಲಿಂದ ಎಷ್ಟು ತಡವಾಗಿ ಹೊರಟಿತು ಅಂತ ಯಾರೂ ತೋರಿಸಲಾಗದು. ದಾರಿ ಬದಲಾಗಿದ್ದರೆ ದಾರಿ ಬದಲಾದ ಕಾರಣವನ್ನೇ ಆರಿಸಿ.

ಅರ್ಧಕ್ಕೇ ನಿಂತ ರೈಲು: ಇಲ್ಲಿ ಲೆಕ್ಕ ತುಸು ಗಂಭೀರ

ಮೊದಲೇ ಘೋಷಿಸಿ ಅರ್ಧಕ್ಕೆ ನಿಲ್ಲಿಸಿದರೆ ತೊಂದರೆ ಕಡಿಮೆ. ನೀವು ಹತ್ತುವುದೇ ಇಲ್ಲ, ಟಿಡಿಆರ್ ಹಾಕುತ್ತೀರಿ. ಗಡುವು ನೀವು ಇಳಿಯಬೇಕಿದ್ದ ಊರಿಗೆ ರೈಲು ಸೇರಬೇಕಿದ್ದ ಸಮಯದಿಂದ 72 ಗಂಟೆ.

ಕಷ್ಟ ಇರುವುದು ದಾರಿಯಲ್ಲಿ ನಿಂತಾಗ. ಬಳ್ಳಾರಿಯಲ್ಲಿ ಹತ್ತಿ ಹುಬ್ಬಳ್ಳಿಗೆ ಹೊರಟಿದ್ದೀರಿ. ಹೊಸಪೇಟೆಯಲ್ಲಿ ರೈಲು ನಿಂತು, ಇನ್ನು ಮುಂದೆ ಹೋಗಲ್ಲ ಅಂದರು. ಆಗ ದುಡ್ಡು ಎಷ್ಟು ಬರುತ್ತದೆ ಅನ್ನುವುದು ಒಂದು ಪ್ರಶ್ನೆಯ ಮೇಲೆ ನಿಂತಿದೆ: ರೈಲ್ವೆ ನಿಮ್ಮನ್ನು ಮುಂದೆ ಕಳಿಸಲು ಬೇರೆ ಏರ್ಪಾಡು ಮಾಡಿತೇ, ಇಲ್ಲವೇ?

ಅಪಘಾತ, ಪ್ರವಾಹ, ಹಳಿ ಕೊಚ್ಚಿಹೋಗುವುದು ಇಂಥ ಕಾರಣದಿಂದ ರೈಲು ನಿಂತು, ರೈಲ್ವೆ ಸಾಕಷ್ಟು ಸಮಯದೊಳಗೆ ಬೇರೆ ರೈಲನ್ನೋ ಬಸ್ಸನ್ನೋ ಕೊಡಲಿಲ್ಲ ಅಂತಾದರೆ, ಪೂರ್ತಿ ಪ್ರಯಾಣದ ದರ ವಾಪಸ್ ಕೇಳಬಹುದು. ಹೋದಷ್ಟು ದೂರಕ್ಕೂ ಕಡಿತ ಇಲ್ಲ. ಆದರೆ ಬಸ್ ಕೊಟ್ಟರು, ನೀವೇ ಬೇಡ ಅಂದಿರಿ ಅಂತಾದರೆ, ಹೋದ ದೂರದ ದರ ಹಿಡಿದುಕೊಂಡು ಉಳಿದದ್ದನ್ನು ಮಾತ್ರ ಕೊಡುತ್ತಾರೆ.

ಉಳಿದದ್ದು ಅಂದರೆ ಎಷ್ಟು? ಇಲ್ಲಿ ಹೆಚ್ಚಿನವರ ಲೆಕ್ಕ ತಪ್ಪುತ್ತದೆ. ಬಳ್ಳಾರಿಯಿಂದ ಹುಬ್ಬಳ್ಳಿ ಸುಮಾರು 210 ಕಿಲೋಮೀಟರ್, ಹೊಸಪೇಟೆ ಸುಮಾರು 65. ಮೂರನೇ ಒಂದು ಭಾಗದಷ್ಟೇ ಹೋಗಿದ್ದೀವಿ, ಮೂರನೇ ಎರಡು ಭಾಗ ದುಡ್ಡು ಬರಬೇಕು ಅಂತ ಅನಿಸುತ್ತದೆ. ರೈಲಿನ ದರ ಹಾಗೆ ಕಿಲೋಮೀಟರ್‌ಗೆ ಇಷ್ಟು ಅಂತ ಸಮವಾಗಿ ಹಂಚಿದ್ದಲ್ಲ. ಸ್ಲೀಪರ್‌ನಲ್ಲಿ ಎಷ್ಟೇ ಹತ್ತಿರ ಹೋದರೂ ಕನಿಷ್ಠ 200 ಕಿಲೋಮೀಟರ್ ದರ, ಥರ್ಡ್ ಎಸಿಯಲ್ಲಿ ಕನಿಷ್ಠ 300. ಹೊಸಪೇಟೆ ತನಕದ ದರ ಅಂತ ಈ ಕನಿಷ್ಠ ದರವನ್ನೇ ಹಿಡಿದರೆ, ಕೈಗೆ ಬರುವುದು ಬರೀ ಹತ್ತಿಪ್ಪತ್ತು ರೂಪಾಯಿ ಆಗಬಹುದು. ಥರ್ಡ್ ಎಸಿ ಆದರೆ ಅದೂ ಇಲ್ಲ.

ಪೂರ್ತಿ ದರ ಬರುವುದಕ್ಕೂ ಹತ್ತಿಪ್ಪತ್ತು ರೂಪಾಯಿ ಬರುವುದಕ್ಕೂ ನಡುವೆ ಇರುವುದು ಒಂದೇ ಸಂಗತಿ, ಬೇರೆ ಏರ್ಪಾಡು ಇತ್ತೋ ಇಲ್ಲವೋ ಅನ್ನುವ ದಾಖಲೆ. ಅದನ್ನು ಅಲ್ಲೇ, ಆ ಪ್ಲಾಟ್‌ಫಾರ್ಮ್‌ನಲ್ಲೇ ಮಾಡಿಕೊಳ್ಳಬೇಕು. ಟಿಟಿಇ ಅಥವಾ ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಕೇಳುವುದು ಹೀಗಿರಲಿ:

“ಸರ್ರ, ಹುಬ್ಬಳ್ಳಿಗೆ ಹೋಗೋರಿಗೆ ಏನರ ವ್ಯವಸ್ಥಾ ಮಾಡ್ಯಾರೇನ್ರಿ?”

“ಸದ್ಯಕ್ಕ ಏನೂ ಇಲ್ರಿ. ನಿಮ್ಮ ಪಾಡಿಗೆ ನೀವು ಬಸ್ಸಿಗೆ ಹೋಗ್ರಿ.”

“ಹಂಗಿದ್ರ ಅದನ್ನ ಟಿಕೆಟ್ ಮ್ಯಾಲೆ ಒಂದು ಸಾಲು ಬರದು ಸಹಿ ಮಾಡಿ ಕೊಡ್ರಿ ಸರ. ಎಷ್ಟು ಗಂಟೇಕ್ಕ ಅಂತನೂ ಬರೀರಿ.”

ಬರೆದು ಕೊಟ್ಟರೆ ಒಳ್ಳೆಯದು. ಇ-ಟಿಕೆಟ್ ಆದರೆ ಪ್ರಿಂಟ್ ಮೇಲೆ, ಪ್ರಿಂಟ್ ಇಲ್ಲದಿದ್ದರೆ ಒಂದು ಬಿಳಿ ಹಾಳೆಯ ಮೇಲೆ ಪಿಎನ್‌ಆರ್‌ ಬರೆದು ಅದರ ಕೆಳಗೆ. ಗಡಿಬಿಡಿಯಲ್ಲಿ ಅವರು ಬರೆಯಲು ಒಪ್ಪದಿರಬಹುದು, ಅವರ ಸುತ್ತಲೂ ನೂರು ಜನ ನಿಂತಿರುತ್ತಾರೆ. ಆಗ ಜಗಳ ಮಾಡುತ್ತಾ ನಿಲ್ಲಬೇಡಿ. 139ಕ್ಕೆ ಫೋನ್ ಮಾಡಿ, ಅಥವಾ ರೈಲ್ವೆಯದ್ದೇ ದೂರಿನ ತಾಣ ರೈಲ್‌ಮದದ್‌ನಲ್ಲಿ ಪಿಎನ್‌ಆರ್‌ ಹಾಕಿ ದೂರು ಕೊಡಿ: ಇಂಥ ರೈಲು ಇಷ್ಟು ಗಂಟೆಗೆ ಹೊಸಪೇಟೆಯಲ್ಲಿ ನಿಂತಿದೆ, ಮುಂದೆ ಹೋಗಲು ಯಾವ ವ್ಯವಸ್ಥೆಯೂ ಇಲ್ಲ. ದೂರಿನ ನಂಬರ್ ಬರುತ್ತದೆ. ಅದರಲ್ಲಿ ದಿನ, ಹೊತ್ತು ಎಲ್ಲ ದಾಖಲಾಗಿರುತ್ತದೆ. ನನ್ನ ಪ್ರಕಾರ ಟಿಟಿಇ ಸಹಿ ಸಿಕ್ಕರೂ ಈ ದೂರನ್ನು ಹಾಕಿಯೇ ಇಡಬೇಕು. ಎರಡೂ ಸೇರಿದರೆ ಅರ್ಜಿ ಗಟ್ಟಿ.

ಆಮೇಲೆ ನೀವು ಹಿಡಿದ ಬಸ್ಸಿನ ಟಿಕೆಟ್ಟನ್ನೂ ಇಟ್ಟುಕೊಳ್ಳಿ. ಟಿಡಿಆರ್‌ನಲ್ಲಿ ಬಸ್ ದುಡ್ಡು ಕೊಡುವುದಿಲ್ಲ. ಆದರೆ ನೀವು ಸ್ವಂತ ಖರ್ಚಿನಲ್ಲಿ ಹೋದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಟಿಡಿಆರ್ ತುಂಬುವಾಗ

ಐಆರ್‌ಸಿಟಿಸಿ ತಾಣದಲ್ಲಿ ಲಾಗಿನ್ ಆಗಿ My Transactions ಒಳಗೆ File TDR ಇದೆ. ಆ್ಯಪ್‌ನಲ್ಲಿ ನಿಮ್ಮ ಬುಕಿಂಗ್‌ಗಳ ಪಟ್ಟಿಯಲ್ಲೇ ಸಿಗುತ್ತದೆ. ಚಾರ್ಟ್ ಆದ ಮೇಲೆಯೇ ಇದು ಕೆಲಸ ಮಾಡುವುದು. ಅದಕ್ಕೇ ಮಧ್ಯಾಹ್ನವೇ ನೋಡಿ ‘ಬರ್ತಿಲ್ಲ’ ಅಂತ ಬಿಟ್ಟುಬಿಡಬೇಡಿ. ಪಿಎನ್‌ಆರ್‌ ಆರಿಸಿ, ಪ್ರಯಾಣಿಕರ ಹೆಸರಿಗೆ ಗುರುತು ಹಾಕಿ, ಕಾರಣ ಆರಿಸಿ, ಒಪ್ಪಿಸಿ. ಅಷ್ಟೇ.

ಕೆಲಸ ಚಿಕ್ಕದಾದರೂ ತೊಂದರೆ ಆಗುವುದು ಸಮಯದಲ್ಲಿ. ಪಾಸ್‌ವರ್ಡ್ ಮರೆತಿರುತ್ತದೆ, ಹಳ್ಳಿ ದಾಟುವಾಗ ನೆಟ್‌ವರ್ಕ್ ಹೋಗುತ್ತದೆ. ತಡವಾದ ರೈಲಿಗೆ ಟಿಡಿಆರ್ ಹಾಕುವುದಾದರೆ ಒಂದು ತಾಸು ಮೊದಲೇ ಲಾಗಿನ್ ಆಗಿ ನೋಡಿ. ಮುಗಿದ ಮೇಲೆ ಬರುವ ಟಿಡಿಆರ್ ವಿವರದ ಪುಟವನ್ನು ಸ್ಕ್ರೀನ್‌ಶಾಟ್ ತಗೊಳ್ಳಿ. ಅದರಲ್ಲಿ ನೀವು ಹಾಕಿದ ಹೊತ್ತು ಕಾಣಬೇಕು. ಅದರ ಜೊತೆ NTES ಪುಟದ್ದೂ ಇರಲಿ. ರೈಲು ನಂಬರ್, ತಾರೀಖು, ನಿಮ್ಮ ಸ್ಟೇಷನ್, ತಡ ಎಷ್ಟು, ನಾಲ್ಕೂ ಒಂದೇ ಚಿತ್ರದಲ್ಲಿ ಕಾಣುವಂತೆ. NTES ಹಳೆಯ ದಿನಗಳ ಓಟವನ್ನು ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ. ಆ ರಾತ್ರಿಯೇ ತೆಗೆಯಿರಿ.

ಐಆರ್‌ಸಿಟಿಸಿ ತಾನೇ ದುಡ್ಡು ಕೊಡುವುದಿಲ್ಲ. ಅರ್ಜಿಯನ್ನು ಸಂಬಂಧಪಟ್ಟ ವಲಯ ರೈಲ್ವೆಗೆ ಕಳಿಸುತ್ತದೆ. ಅವರು ಆ ದಿನದ ರೈಲಿನ ಓಟ, ಚಾರ್ಟ್, ಟಿಟಿಇ ದಾಖಲೆ ಎಲ್ಲ ನೋಡಿ ತೀರ್ಮಾನ ಮಾಡುತ್ತಾರೆ. ಅದಕ್ಕೆ ಎರಡು ಮೂರು ತಿಂಗಳು ಹಿಡಿಯಬಹುದು. ಬಂದ ದುಡ್ಡು ನೀವು ಯಾವ ಖಾತೆಯಿಂದ ಕಟ್ಟಿದ್ದಿರೋ ಅದಕ್ಕೇ ಹೋಗುತ್ತದೆ.

ಇಲ್ಲೇ ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಬಹಳ ಜನ ಸೈಬರ್ ಸೆಂಟರ್‌ನಲ್ಲಿ, ಏಜೆಂಟ್ ಹತ್ತಿರ ಟಿಕೆಟ್ ಮಾಡಿಸುತ್ತಾರೆ. ಟಿಡಿಆರ್ ಹಾಕಲಾಗುವುದು ಟಿಕೆಟ್ ಮಾಡಿದ ಅದೇ ಐಡಿಯಿಂದ ಮಾತ್ರ. ರಾತ್ರಿ ಹನ್ನೊಂದಕ್ಕೆ ಅಂಗಡಿ ಮುಚ್ಚಿರುತ್ತದೆ, ರೈಲು ಹನ್ನೆರಡಕ್ಕೆ ಹೊರಡುತ್ತದೆ. ಆದ್ದರಿಂದ ಟಿಕೆಟ್ ಮಾಡಿಸುವಾಗಲೇ ಎರಡು ಕೆಲಸ ಮಾಡಿ. ಬುಕಿಂಗ್‌ನಲ್ಲಿ ನಿಮ್ಮ ಸ್ವಂತ ಮೊಬೈಲ್ ನಂಬರ್ ಹಾಕಿಸಿ, ಅಂಗಡಿಯವರ ನಂಬರ್ ಅಲ್ಲ. ಅವರ ಫೋನ್ ನಂಬರನ್ನು ನೀವು ಇಟ್ಟುಕೊಳ್ಳಿ. ಐಆರ್‌ಸಿಟಿಸಿಯ ಅಧಿಕೃತ ಏಜೆಂಟ್ ಮಾಡಿದ ಟಿಕೆಟ್ ರದ್ದಾದಾಗ ಎಷ್ಟು ದುಡ್ಡು ವಾಪಸ್ ಬರುತ್ತಿದೆ ಅನ್ನುವ ಮೆಸೇಜ್ ಮತ್ತು ಒಟಿಪಿ ಪ್ರಯಾಣಿಕರ ಮೊಬೈಲಿಗೆ ಬರುವ ವ್ಯವಸ್ಥೆ 2019ರಿಂದ ಇದೆ. ನಿಮ್ಮ ನಂಬರ್ ಇದ್ದರೆ ತಾನೇ ನಿಮಗೆ ಗೊತ್ತಾಗುವುದು.

ಕೌಂಟರ್ ಟಿಕೆಟ್ ಇದ್ದವರಿಗೆ

ಸ್ಟೇಷನ್ನಿನ ರಿಸರ್ವೇಶನ್ ಕೌಂಟರ್‌ನಲ್ಲಿ ತಗೊಂಡ ಟಿಕೆಟ್ಟಿಗೆ ತಾನಾಗೇ ಏನೂ ಬರುವುದಿಲ್ಲ. ರೈಲು ಪೂರ್ತಿ ರದ್ದಾದರೂ, ಅದು ಹೊರಡಬೇಕಿದ್ದ ಸಮಯದಿಂದ ಮೂರು ದಿನದೊಳಗೆ ಟಿಕೆಟ್ಟನ್ನು ಕೌಂಟರ್‌ಗೆ ಕೊಡಬೇಕು. ಮೂರು ಗಂಟೆಗಿಂತ ಜಾಸ್ತಿ ತಡವಾದರೆ ರೈಲು ನಿಜವಾಗಿ ಹೊರಡುವ ಮೊದಲೇ ಕೊಡಬೇಕು. ಆಗ ಕೌಂಟರ್‌ನಲ್ಲೇ ಪೂರ್ತಿ ದುಡ್ಡು ಕೈಗೆ ಬರುತ್ತದೆ, ತಿಂಗಳುಗಟ್ಟಲೆ ಕಾಯಬೇಕಿಲ್ಲ. ಅದು ಕೌಂಟರ್ ಟಿಕೆಟ್ಟಿನ ದೊಡ್ಡ ಅನುಕೂಲ.

ರಾತ್ರಿ ಹೊತ್ತು ರಿಸರ್ವೇಶನ್ ಕೌಂಟರ್ ಮುಚ್ಚಿದ್ದರೆ ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಟಿಕೆಟ್ ಒಪ್ಪಿಸಿ ಟಿಡಿಆರ್ ಕೇಳಿ. ಅವರು ಕೊಡುವ ಚೀಟಿಯಲ್ಲಿ ಟಿಕೆಟ್ ನಂಬರ್, ಒಪ್ಪಿಸಿದ ದಿನ, ಗಂಟೆ ಮೂರೂ ಇವೆಯೇ ಅಂತ ಅಲ್ಲೇ ಓದಿ ನೋಡಿ. ಗಂಟೆ ಬರೆಯದ ಚೀಟಿಯಿಂದ ರೈಲು ಹೊರಡುವ ಮೊದಲೇ ಕೊಟ್ಟಿರಿ ಅಂತ ತೋರಿಸಲಾಗದು. ಆ ಚೀಟಿಯ ಜೊತೆ ಅರ್ಜಿ ಬರೆದು ವಲಯ ರೈಲ್ವೆಯ ರೀಫಂಡ್ ವಿಭಾಗಕ್ಕೆ ಹತ್ತು ದಿನದೊಳಗೆ ಕಳಿಸಿಬಿಡಿ, ಜೆರಾಕ್ಸ್ ಇಟ್ಟುಕೊಂಡು. ಬಳ್ಳಾರಿ, ಕೊಪ್ಪಳ ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿವೆ. ರಾಯಚೂರು ಬೇರೆ ವಲಯ. ಹಾಗಾಗಿ ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಚೀಟಿ ಕೊಡುವವರ ಕೈಯಿಂದಲೇ ಬರೆಸಿಕೊಳ್ಳಿ. ದಾರಿಯಲ್ಲಿ ರೈಲು ನಿಂತಿದ್ದರೆ ಎಲ್ಲಿ ಇಳಿದಿರೋ ಆ ಸ್ಟೇಷನ್ನಿನಲ್ಲೇ ಟಿಕೆಟ್ ಒಪ್ಪಿಸಬೇಕು. ಊರಿಗೆ ಬಂದು ಕೊಡೋಣ ಅಂತ ಜೇಬಿನಲ್ಲಿ ಇಟ್ಟುಕೊಂಡು ಬರಬೇಡಿ.

ಅರ್ಜಿ ತಿರಸ್ಕಾರವಾದರೆ

ಮೊದಲು ಕಾರಣ ಓದಿ. ರೈಲು ಮೂರು ಗಂಟೆ ದಾಟಿ ತಡವಾಗಿರಲಿಲ್ಲ ಅಂತ ಬರೆದಿದ್ದರೆ ನಿಮ್ಮ ಸ್ಕ್ರೀನ್‌ಶಾಟ್ ಜೊತೆ ಹೋಲಿಸಿ. ಅವರು ರೈಲು ಶುರುವಾಗುವ ಊರಿನ ಅಥವಾ ಬೇರೆ ತಾರೀಖಿನ ಲೆಕ್ಕ ಹಿಡಿದಿರಬಹುದು. ಪ್ರಯಾಣ ಮಾಡಿದ್ದಾರೆ ಅಂತ ಬರೆದಿದ್ದರೆ, ಬಹುಶಃ ನಿಮ್ಮ ಬರ್ತ್‌ನಲ್ಲಿ ಬೇರೆಯವರು ಕೂತಿದ್ದಾಗ ಟಿಟಿಇ ಯಂತ್ರದಲ್ಲಿ ಗುರುತು ಬಿದ್ದಿರುತ್ತದೆ. ಆಗ ಬಸ್ ಟಿಕೆಟ್ ಉಪಯೋಗಕ್ಕೆ ಬರುತ್ತದೆ. ಇಂಥದ್ದನ್ನು ಆಧಾರ ಸಮೇತ ಐಆರ್‌ಸಿಟಿಸಿಗೂ ವಲಯ ರೈಲ್ವೆಗೂ ಇಮೇಲ್‌ನಲ್ಲಿ ಬರೆಯಿರಿ. ಪಿಎನ್‌ಆರ್‌, ಟಿಡಿಆರ್ ಹಾಕಿದ ಹೊತ್ತು, ರೈಲು ನಿಜವಾಗಿ ಹೊರಟ ಹೊತ್ತು, ಈ ಮೂರನ್ನು ಮೊದಲ ಸಾಲಿನಲ್ಲೇ ಇಡಿ. ಕಥೆಯೆಲ್ಲ ಆಮೇಲೆ.

ಅಲ್ಲಿಯೂ ಆಗದಿದ್ದರೆ ಎರಡು ಬಾಗಿಲಿವೆ, ಎರಡಕ್ಕೂ ಕೆಲಸ ಬೇರೆ. ಟಿಕೆಟ್ ದರ ವಾಪಸ್ ಕೊಡಿಸುವ ಅಧಿಕಾರ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗಿದೆ, ಅದರ ಪೀಠ ಬೆಂಗಳೂರಿನಲ್ಲಿದೆ. ರೈಲಿನ ತಡದಿಂದ ಆದ ಬೇರೆ ನಷ್ಟಕ್ಕೆ, ಅಂದರೆ ತಪ್ಪಿದ ವಿಮಾನ, ಟ್ಯಾಕ್ಸಿ ಖರ್ಚು ಇಂಥದ್ದಕ್ಕೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಜ್ಮೀರ್–ಜಮ್ಮು ರೈಲು ನಾಲ್ಕು ಗಂಟೆ ತಡವಾಗಿ ಒಂದು ಕುಟುಂಬಕ್ಕೆ ಶ್ರೀನಗರದ ವಿಮಾನ ತಪ್ಪಿತ್ತು. ತಡ ಯಾಕಾಯಿತು, ಅದು ತಮ್ಮ ಕೈಮೀರಿದ್ದು ಅಂತ ರೈಲ್ವೆಯೇ ಸಾಬೀತು ಮಾಡಬೇಕು, ಮಾಡದಿದ್ದರೆ ಪರಿಹಾರ ಕೊಡಬೇಕು ಅಂತ ಕೋರ್ಟ್ ಹೇಳಿತು. ಅಂದರೆ ಹಳಿ ಕೊಚ್ಚಿಹೋದ ರಾತ್ರಿಯ ತಡಕ್ಕೆ ಗ್ರಾಹಕ ಆಯೋಗದಲ್ಲಿ ಗೆಲ್ಲುವುದು ಕಷ್ಟ. ಕಾರಣವನ್ನೇ ಹೇಳದೆ ಐದು ಗಂಟೆ ನಿಲ್ಲಿಸಿದ ರೈಲಿನದು ಬೇರೆ ಮಾತು. ಅದಕ್ಕೇ ರೈಲ್‌ಮದದ್‌ನಲ್ಲಿ ದೂರು ಕೊಡುವಾಗ ‘ತಡಕ್ಕೆ ಕಾರಣ ಏನು’ ಅಂತ ಒಂದು ಪ್ರಶ್ನೆಯನ್ನೂ ಸೇರಿಸಿ ಕೇಳಿ, ಬಂದ ಉತ್ತರವನ್ನು ಟಿಡಿಆರ್ ಕಾಗದಗಳ ಜೊತೆಗೇ ಇಟ್ಟುಕೊಳ್ಳಿ.